ಗುಂಪು ಮಾಡಿದ ಪಟ್ಟಿಯಿಂದ ಸರಾಸರಿ, ಮಾನಕ ವಿಚಲನೆ: ಮಧ್ಯಬಿಂದು ಹಿಡಿದು ಲೆಕ್ಕ ಹಾಕುವುದು ಹೇಗೆ, ಎಷ್ಟು ನಂಬಬಹುದು

ನಿಮ್ಮ ಕೈಯಲ್ಲಿ ಮೂಲ ಅಂಕಿಗಳಿಲ್ಲ. ಇರುವುದು ಒಂದು ಪಟ್ಟಿ ಮಾತ್ರ: 10ರಿಂದ 20ರ ಒಳಗೆ ಇಷ್ಟು ಜನ, 20ರಿಂದ 30ರ ಒಳಗೆ ಇಷ್ಟು ಜನ, ಹೀಗೆ. ಇದರಿಂದ ಸರಾಸರಿ ಮತ್ತು ಮಾನಕ ವಿಚಲನೆ ತೆಗೆಯಬೇಕು. ಒಬ್ಬೊಬ್ಬರ ಬೆಲೆ ಗೊತ್ತಿಲ್ಲದೆ ನಿಖರವಾದ ಉತ್ತರ ಸಿಗುವುದಿಲ್ಲ. ಆದರೆ ಒಳ್ಳೆಯ ಅಂದಾಜು ಸಿಗುತ್ತದೆ, ಮತ್ತು ಆ ಅಂದಾಜು ಯಾವ ಕಡೆಗೆ ತಪ್ಪುತ್ತದೆ ಅನ್ನುವುದನ್ನೂ ಬಹಳಷ್ಟು ಸಲ ಮೊದಲೇ ಹೇಳಬಹುದು. ಪಠ್ಯಪುಸ್ತಕದ ಪಾಠ ಸಾಮಾನ್ಯವಾಗಿ ಸೂತ್ರದ ಹತ್ತಿರ ನಿಂತುಬಿಡುತ್ತದೆ. ನಾನು ಸೂತ್ರವನ್ನೂ ಹೇಳುತ್ತೇನೆ, ಅದಾದ ಮೇಲೆ ಬರುವ ಪ್ರಶ್ನೆಗೆ ಇನ್ನೂ ಜಾಸ್ತಿ ಜಾಗ ಕೊಡುತ್ತೇನೆ.

ಕೊನೆಯವರೆಗೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. 40 ಜನ ಒಂದು ಕೆಲಸ ಮುಗಿಸಲು ಎಷ್ಟು ನಿಮಿಷ ತೆಗೆದುಕೊಂಡರು ಅನ್ನುವ ಪಟ್ಟಿ ಇದು.

| ಸಮಯ (ನಿಮಿಷ) | ಆವೃತ್ತಿ f |
|---|---|
| 10–20 | 4 |
| 20–30 | 9 |
| 30–40 | 14 |
| 40–50 | 8 |
| 50–60 | 5 |
| ಒಟ್ಟು | 40 |

ಇಲ್ಲಿ ಸರಿಯಾಗಿ 20 ನಿಮಿಷ ತೆಗೆದುಕೊಂಡವರು ಮೊದಲ ಸಾಲಿಗೆ ಸೇರುವುದಿಲ್ಲ, ಎರಡನೆಯದಕ್ಕೆ ಸೇರುತ್ತಾರೆ. ಅಂದರೆ ಪ್ರತಿ ವರ್ಗಾಂತರದಲ್ಲೂ ಕೆಳಗಿನ ಮಿತಿ ಸೇರಿದೆ, ಮೇಲಿನ ಮಿತಿ ಸೇರಿಲ್ಲ. ನಿಮ್ಮ ಪಟ್ಟಿಯಲ್ಲಿ ಈ ನಿಯಮ ಯಾವುದು ಅಂತ ಲೆಕ್ಕಕ್ಕೆ ಕೂರುವ ಮೊದಲೇ ನೋಡಿಕೊಳ್ಳಿ.

## ಮೊದಲ ಹಂತ: ಮಧ್ಯಬಿಂದು

20–30ರಲ್ಲಿ 9 ಜನ ಇದ್ದಾರೆ. ಅವರು ಒಬ್ಬೊಬ್ಬರೂ ಎಷ್ಟು ನಿಮಿಷ ತೆಗೆದುಕೊಂಡರು ಅನ್ನುವುದು ನಮಗೆ ಗೊತ್ತಿಲ್ಲ. ಹಾಗಾಗಿ ಒಂದು ಊಹೆ ಮಾಡುತ್ತೇವೆ: ಆ ಒಂಬತ್ತೂ ಜನರು ಸರಿಯಾಗಿ ನಡುವಿನಲ್ಲಿ, 25ರಲ್ಲಿ ಇದ್ದಾರೆ ಅಂತ. ಎರಡು ಮಿತಿ ಕೂಡಿಸಿ ಎರಡರಿಂದ ಭಾಗಿಸಿದರೆ ಈ ಮಧ್ಯಬಿಂದು ಬರುತ್ತದೆ. ಇದನ್ನು x ಅನ್ನೋಣ. ನಮ್ಮ ಪಟ್ಟಿಗೆ ಅವು 15, 25, 35, 45, 55.

ಒಂಬತ್ತೂ ಜನ ನಿಜವಾಗಿ 25ರಲ್ಲೇ ಇರುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಸರಾಸರಿಯ ಮಟ್ಟಿಗೆ ಅಷ್ಟು ಬೇಕಾಗೂ ಇಲ್ಲ. ಆ ಒಂಬತ್ತು ಜನರ ಸರಾಸರಿ 25ರ ಹತ್ತಿರ ಇದ್ದರೆ ಸಾಕು, ಯಾಕೆಂದರೆ ಒಟ್ಟು ಮೊತ್ತಕ್ಕೆ ಬೇಕಾಗಿರುವುದು ಅವರೆಲ್ಲರ ಕೂಡಿಕೆ ಮಾತ್ರ. ಮಾನಕ ವಿಚಲನೆಗೆ ಮಾತ್ರ ಇಷ್ಟು ಸಾಲುವುದಿಲ್ಲ. ಅದು ಹರಡಿಕೆಯನ್ನು ಅಳೆಯುತ್ತದೆ, ನಾವು ಒಂದು ವರ್ಗಾಂತರದ ಒಳಗಿನ ಹರಡಿಕೆಯನ್ನು ಪೂರ್ತಿ ಒರೆಸಿಹಾಕಿ ಎಲ್ಲರನ್ನೂ ಒಂದೇ ಬಿಂದುವಿನಲ್ಲಿ ನಿಲ್ಲಿಸಿದ್ದೇವೆ. ಈ ವ್ಯತ್ಯಾಸ ನೆನಪಿರಲಿ, ಮುಂದೆ ಬೇಕಾಗುತ್ತದೆ.

## ಎರಡನೇ ಹಂತ: ಸರಾಸರಿ

ಪ್ರತಿ ಸಾಲಿನಲ್ಲಿ f ಅನ್ನು x ನಿಂದ ಗುಣಿಸಿ. ಆ ಗುಣಲಬ್ಧಗಳನ್ನೆಲ್ಲ ಕೂಡಿಸಿ. ಬಂದ ಮೊತ್ತವನ್ನು ಒಟ್ಟು ಆವೃತ್ತಿಯಿಂದ ಭಾಗಿಸಿ. ಜೊತೆಗೆ fx² ಕಾಲಂ ಕೂಡ ಈಗಲೇ ಹಾಕಿಬಿಟ್ಟರೆ ಮುಂದಿನ ಹಂತ ಸುಲಭ.

| ವರ್ಗಾಂತರ | x | f | fx | fx² |
|---|---|---|---|---|
| 10–20 | 15 | 4 | 60 | 900 |
| 20–30 | 25 | 9 | 225 | 5625 |
| 30–40 | 35 | 14 | 490 | 17150 |
| 40–50 | 45 | 8 | 360 | 16200 |
| 50–60 | 55 | 5 | 275 | 15125 |
| ಒಟ್ಟು | | 40 | 1410 | 55000 |

ಸರಾಸರಿ = 1410 ÷ 40 = 35.25 ನಿಮಿಷ.

ಭಾಗಿಸುವುದು 40ರಿಂದ, 5ರಿಂದ ಅಲ್ಲ. ಪಟ್ಟಿಯಲ್ಲಿ ಐದು ಸಾಲು ಇದ್ದರೂ ಜನ ಇರುವುದು 40. ಕಣ್ಣೆದುರು ಐದೇ ಸಾಲು ಕಾಣುತ್ತಿರುವಾಗ ಕೈ ತಾನಾಗಿ 5ರ ಕಡೆಗೆ ಹೋಗುತ್ತದೆ. ಆಗ ಉತ್ತರ 282 ಬರುತ್ತದೆ. 60 ನಿಮಿಷ ದಾಟಿದವರು ಒಬ್ಬರೂ ಇಲ್ಲದ ಪಟ್ಟಿಯಲ್ಲಿ 282 ಸಾಧ್ಯವೇ ಇಲ್ಲ ಅಲ್ವಾ, ಅಲ್ಲೇ ಸಿಕ್ಕಿಬೀಳುತ್ತದೆ.

ಈ ಸರಾಸರಿ ಎಷ್ಟು ತಪ್ಪಿರಬಹುದು? ಇದಕ್ಕೆ ಒಂದು ಖಚಿತವಾದ ಮಿತಿ ಇದೆ. ಎಲ್ಲರೂ ತಮ್ಮ ತಮ್ಮ ವರ್ಗಾಂತರದ ಕೆಳ ತುದಿಯಲ್ಲೇ ಇದ್ದರೆ ಸರಾಸರಿ 30.25, ಎಲ್ಲರೂ ಮೇಲ್ತುದಿಗೆ ಅಂಟಿಕೊಂಡಿದ್ದರೆ 40.25. ನಿಜವಾದ ಸರಾಸರಿ ಇವೆರಡರ ನಡುವೆಯೇ ಇರಬೇಕು. ಅಂದರೆ ತಪ್ಪು ವರ್ಗಾಂತರದ ಅಗಲದ ಅರ್ಧಕ್ಕಿಂತ ಜಾಸ್ತಿ ಆಗಲು ಸಾಧ್ಯವಿಲ್ಲ. ವಾಸ್ತವದಲ್ಲಿ ಅಷ್ಟು ತಪ್ಪುವುದು ತೀರಾ ಅಪರೂಪ. ಕೆಲವು ವರ್ಗಾಂತರಗಳಲ್ಲಿ ಜನ ನಡುವಿಗಿಂತ ಮೇಲೆ, ಕೆಲವದರಲ್ಲಿ ಕೆಳಗೆ ಇರುತ್ತಾರೆ, ಬಹುಪಾಲು ತಪ್ಪು ಒಂದನ್ನೊಂದು ಹೊಡೆದುಹಾಕುತ್ತದೆ.

## ಮೂರನೇ ಹಂತ: ಮಾನಕ ವಿಚಲನೆ

ಎರಡು ದಾರಿ ಇವೆ. ಉತ್ತರ ಒಂದೇ.

ಮೊದಲನೆಯದು ನೇರ ದಾರಿ. ಪ್ರತಿ ಮಧ್ಯಬಿಂದು ಸರಾಸರಿಯಿಂದ ಎಷ್ಟು ದೂರ ಇದೆ ನೋಡಿ, ಆ ದೂರವನ್ನು ವರ್ಗ ಮಾಡಿ, ಆವೃತ್ತಿಯಿಂದ ಗುಣಿಸಿ, ಎಲ್ಲ ಕೂಡಿಸಿ. 15ಕ್ಕೆ ದೂರ −20.25, ಅದರ ವರ್ಗ 410.0625, ಅಲ್ಲಿ 4 ಜನ, ಹಾಗಾಗಿ 1640.25. ಇದೇ ರೀತಿ ಮುಂದಿನ ನಾಲ್ಕು ಸಾಲುಗಳಿಗೆ 945.5625, 0.875, 760.5, 1950.3125 ಬರುತ್ತವೆ. ಒಟ್ಟು 5297.5. ಇದನ್ನು 40ರಿಂದ ಭಾಗಿಸಿದರೆ 132.4375. ಇದು ವೇರಿಯನ್ಸ್. ಇದರ ವರ್ಗಮೂಲ 11.51. ಅದೇ ಮಾನಕ ವಿಚಲನೆ.

ಈ ದಾರಿ ಉದ್ದವಾದರೂ ಇದರಲ್ಲಿ ಒಂದು ಲಾಭ ಇದೆ. ಯಾವ ಸಾಲು ಎಷ್ಟು ಪಾಲು ಕೊಡುತ್ತಿದೆ ಅನ್ನುವುದು ಎದ್ದು ಕಾಣುತ್ತದೆ. ನಡುವಿನ 14 ಜನರಿಂದ ಬಂದದ್ದು 0.875 ಮಾತ್ರ. ಎರಡು ತುದಿಯ 9 ಜನರಿಂದ ಬಂದದ್ದು ಸುಮಾರು 3590, ಅಂದರೆ ಒಟ್ಟಿನ ಮೂರನೇ ಎರಡು ಪಾಲು. ಹಾಗಾಗಿ ತುದಿಯ ವರ್ಗಾಂತರಗಳ ಮಧ್ಯಬಿಂದು ತಪ್ಪಾದರೆ ಮಾನಕ ವಿಚಲನೆಗೆ ಬೀಳುವ ಪೆಟ್ಟು ದೊಡ್ಡದು, ನಡುವಿನದ್ದು ಸ್ವಲ್ಪ ತಪ್ಪಿದರೆ ಏನೂ ಆಗುವುದಿಲ್ಲ.

ಎರಡನೆಯದು ಚಿಕ್ಕ ದಾರಿ, fx² ಕಾಲಂ ಹಾಕಿದ್ದು ಇದಕ್ಕೇ:

```
variance = Σfx²/N − (Σfx/N)²
         = 55000/40 − (35.25)²
         = 1375 − 1242.5625
         = 132.4375
```

ಈ ಚಿಕ್ಕ ದಾರಿಯಲ್ಲಿ ಒಂದು ಅಪಾಯ ಇದೆ. ಎರಡು ದೊಡ್ಡ ಸಂಖ್ಯೆಗಳನ್ನು ಕಳೆದು ಒಂದು ಸಣ್ಣ ಸಂಖ್ಯೆ ತೆಗೆಯುತ್ತಿದ್ದೇವೆ, ಹಾಗಾಗಿ ಸರಾಸರಿಯನ್ನು ಮೊದಲೇ ದುಂಡು ಮಾಡಿದರೆ ಉತ್ತರ ಹಾಳಾಗುತ್ತದೆ. 35.25 ಬದಲು 35 ಅಂತ ಹಾಕಿ ನೋಡಿ: 1375 − 1225 = 150, ಮಾನಕ ವಿಚಲನೆ 12.25. ಕಾಲು ನಿಮಿಷ ಬಿಟ್ಟಿದ್ದಕ್ಕೆ ಮಾನಕ ವಿಚಲನೆ ಮುಕ್ಕಾಲು ನಿಮಿಷದಷ್ಟು ಸರಿದುಹೋಯಿತು. ನೇರ ದಾರಿಯಲ್ಲಿ 35 ಹಾಕಿದ್ದರೆ ಉತ್ತರ 11.51 ಆಗಿಯೇ ಉಳಿಯುತ್ತಿತ್ತು, ವ್ಯತ್ಯಾಸ ಮೂರನೇ ದಶಮಾಂಶದಲ್ಲಿ ಮಾತ್ರ. ಆದ್ದರಿಂದ ಚಿಕ್ಕ ದಾರಿ ಹಿಡಿಯುವವರು ಸರಾಸರಿಯ ಎಲ್ಲ ದಶಮಾಂಶಗಳನ್ನೂ ಉಳಿಸಿಕೊಳ್ಳಬೇಕು, ದುಂಡು ಮಾಡುವುದು ಕಟ್ಟಕಡೆಗೆ.

40ರಿಂದ ಭಾಗಿಸಬೇಕೋ 39ರಿಂದಲೋ? ಈ 40 ಜನರ ಬಗ್ಗೆ ಮಾತ್ರ ಮಾತಾಡುತ್ತಿದ್ದರೆ 40. ಅವರನ್ನು ದೊಡ್ಡ ಗುಂಪಿನ ಮಾದರಿ ಅಂತ ತೆಗೆದುಕೊಂಡು ಆ ದೊಡ್ಡ ಗುಂಪಿನ ಹರಡಿಕೆ ಅಂದಾಜು ಮಾಡುತ್ತಿದ್ದರೆ 39. ಆಗ 5297.5 ÷ 39 = 135.83, ಮಾನಕ ವಿಚಲನೆ 11.65. ಪ್ರಶ್ನೆಯಲ್ಲಿ ಯಾವುದನ್ನು ಕೇಳಿದ್ದಾರೆ ನೋಡಿ ಅದನ್ನು ಹಾಕಿ. ಮುಂದೆ ನಾನು 40ನ್ನೇ ಬಳಸುತ್ತೇನೆ.

## ಕೈಲೆಕ್ಕಕ್ಕೆ ಹಂತ ವಿಚಲನಾ ವಿಧಾನ

ಕ್ಯಾಲ್ಕುಲೇಟರ್ ಇಲ್ಲದೆ ಮಾಡುವವರಿಗೆ ಇದು ನಿಜವಾಗಿಯೂ ಒಳ್ಳೆಯ ದಾರಿ. ನಡುವಿನ ಒಂದು ಮಧ್ಯಬಿಂದುವನ್ನು ಅಂದಾಜು ಸರಾಸರಿ A ಅಂತ ಹಿಡಿಯಿರಿ. ಇಲ್ಲಿ A = 35, ವರ್ಗಾಂತರದ ಅಗಲ h = 10. ಪ್ರತಿ x ನಿಂದ 35 ಕಳೆದು 10ರಿಂದ ಭಾಗಿಸಿದರೆ −2, −1, 0, 1, 2 ಬರುತ್ತವೆ. ಇವೇ u.

ಈಗ fu ಕಾಲಂ: −8, −9, 0, 8, 10. ಮೊತ್ತ 1. ಮತ್ತೆ fu² ಕಾಲಂ: 16, 9, 0, 8, 20. ಮೊತ್ತ 53.

```
mean     = A + h × Σfu/N = 35 + 10 × 1/40 = 35.25
variance = h² × [Σfu²/N − (Σfu/N)²]
         = 100 × [1.325 − 0.000625] = 132.4375
```

55000 ಅಂತಹ ಸಂಖ್ಯೆಗಳ ಬದಲು 53. ಉತ್ತರ ಕೂದಲೆಳೆಯಷ್ಟೂ ಬದಲಾಗಲಿಲ್ಲ. A ಯಾವುದು ಹಿಡಿದರೂ ನಡೆಯುತ್ತದೆ, ಸರಾಸರಿಯ ಹತ್ತಿರದ್ದನ್ನು ಹಿಡಿದರೆ ಸಂಖ್ಯೆಗಳು ಸಣ್ಣವಾಗುತ್ತವೆ ಅಷ್ಟೆ. ಜನ ಮರೆಯುವುದು ಕೊನೆಯಲ್ಲಿ: ಸರಾಸರಿಗೆ h ನಿಂದ ಗುಣಿಸಬೇಕು, ವೇರಿಯನ್ಸ್‌ಗೆ h² ನಿಂದ. ವೇರಿಯನ್ಸ್‌ಗೂ ಸುಮ್ನೆ 10ರಿಂದ ಗುಣಿಸಿಬಿಟ್ಟರೆ ಮಾನಕ ವಿಚಲನೆ 3.64 ಅಂತ ಬರುತ್ತದೆ. 10ರಿಂದ 60ರವರೆಗೆ ಚೆನ್ನಾಗಿ ಹರಡಿಕೊಂಡಿರುವ ಪಟ್ಟಿಗೆ ಅದು ತೀರಾ ಕಡಿಮೆ.

## ಈಗ ಮೂಲ ಅಂಕಿಗಳ ಜೊತೆ ಹೋಲಿಸೋಣ

ಈ ಪಟ್ಟಿಯ ಹಿಂದೆ ಇದ್ದ 40 ಅಂಕಿಗಳು ಇವು ಅಂತ ಇಟ್ಟುಕೊಳ್ಳಿ, ಎಲ್ಲವೂ ಪೂರ್ಣ ನಿಮಿಷಗಳಲ್ಲಿ:

```
10–20: 12 16 18 19
20–30: 21 22 24 25 26 27 28 28 29
30–40: 30 31 31 32 33 34 34 35 36 36 37 38 38 39
40–50: 40 41 42 43 44 45 47 48
50–60: 50 51 53 55 58
```

ಇವನ್ನು ನೇರವಾಗಿ ಕೂಡಿಸಿದರೆ 1396, ಸರಾಸರಿ 34.9. ಮಾನಕ ವಿಚಲನೆ 10.97. ನಮ್ಮ ಅಂದಾಜು 35.25 ಮತ್ತು 11.51. ಸರಾಸರಿಯಲ್ಲಿ 0.35 ವ್ಯತ್ಯಾಸ, ನೂರಕ್ಕೆ ಒಂದರಷ್ಟು. ಮಾನಕ ವಿಚಲನೆಯಲ್ಲಿ 0.54, ಅಂದರೆ ನೂರಕ್ಕೆ ಸುಮಾರು ಐದರಷ್ಟು ಜಾಸ್ತಿ.

ಒಳಗಿನ ಹರಡಿಕೆಯನ್ನು ಒರೆಸಿಹಾಕಿದ್ದೇವೆ ಅಂದೆನಲ್ಲ, ಹಾಗಾದರೆ ಮಾನಕ ವಿಚಲನೆ ಕಡಿಮೆ ಬರಬೇಕಿತ್ತು. ಜಾಸ್ತಿ ಬಂದದ್ದು ಹೇಗೆ? ಪ್ರತಿ ವರ್ಗಾಂತರದ ನಿಜವಾದ ಸರಾಸರಿ ನೋಡಿ. 10–20ರಲ್ಲಿ ಅದು 16.25, ನಾವು ಹಿಡಿದದ್ದು 15. 20–30ರಲ್ಲಿ 25.56, ಹಿಡಿದದ್ದು 25. ಮೇಲಿನ ಕಡೆ 40–50ರಲ್ಲಿ 43.75, ಹಿಡಿದದ್ದು 45. 50–60ರಲ್ಲಿ 53.4, ಹಿಡಿದದ್ದು 55.

ಎರಡೂ ಕಡೆ ಜನ ಗುಂಪಿನ ನಡುವಿನ ಕಡೆಗೆ ವಾಲಿಕೊಂಡಿದ್ದಾರೆ. ಜನಸಾಂದ್ರತೆ ನಡುವೆ ಜಾಸ್ತಿ, ತುದಿಗೆ ಹೋದಂತೆ ಕಡಿಮೆ. ಹಾಗಿದ್ದಾಗ ಬಲಗಡೆಯ ಯಾವುದೇ ವರ್ಗಾಂತರ ತೆಗೆದುಕೊಂಡರೂ ಅದರ ಎಡ ಅರ್ಧದಲ್ಲಿ ಜನ ಜಾಸ್ತಿ ಇರುತ್ತಾರೆ, ಎಡಗಡೆಯ ವರ್ಗಾಂತರದಲ್ಲಿ ಬಲ ಅರ್ಧದಲ್ಲಿ ಜಾಸ್ತಿ. ಮಧ್ಯಬಿಂದು ಹಿಡಿದ ಕೂಡಲೇ ನಾವು ಎಲ್ಲರನ್ನೂ ಸ್ವಲ್ಪ ಸ್ವಲ್ಪ ಹೊರಕ್ಕೆ ತಳ್ಳುತ್ತೇವೆ. ಸರಾಸರಿಗೆ ಇದರಿಂದ ಅಷ್ಟು ಪೆಟ್ಟಿಲ್ಲ, ಯಾಕೆಂದರೆ ಎಡಕ್ಕೆ ತಳ್ಳಿದ್ದೂ ಬಲಕ್ಕೆ ತಳ್ಳಿದ್ದೂ ಬಹುಮಟ್ಟಿಗೆ ಸಮವಾಗುತ್ತವೆ. ಹರಡಿಕೆಯಲ್ಲಿ ಹಾಗೆ ಸಮವಾಗುವುದಿಲ್ಲ. ಎಡಕ್ಕೆ ತಳ್ಳಿದರೂ ಹರಡಿಕೆ ಹೆಚ್ಚುತ್ತದೆ, ಬಲಕ್ಕೆ ತಳ್ಳಿದರೂ ಹೆಚ್ಚುತ್ತದೆ.

ಹಾಗಾಗಿ ಎರಡು ತಪ್ಪುಗಳು ಒಟ್ಟಿಗೆ ಕೆಲಸ ಮಾಡುತ್ತಿವೆ. ಒಳಗಿನ ಹರಡಿಕೆ ಬಿಟ್ಟದ್ದರಿಂದ ಉತ್ತರ ಕೆಳಗೆ ಹೋಗುತ್ತದೆ, ಹೊರಕ್ಕೆ ತಳ್ಳಿದ್ದರಿಂದ ಮೇಲೆ ಹೋಗುತ್ತದೆ. ನಡುವೆ ಗುಡ್ಡದಂತೆ ಎದ್ದು ಎರಡೂ ಕಡೆ ನಿಧಾನಕ್ಕೆ ಇಳಿಯುವ ಹಂಚಿಕೆಯಲ್ಲಿ ಎರಡನೆಯದು ಗೆಲ್ಲುತ್ತದೆ. ಎಷ್ಟರಿಂದ ಗೆಲ್ಲುತ್ತದೆ ಅನ್ನುವುದಕ್ಕೂ ಲೆಕ್ಕ ಇದೆ: ವೇರಿಯನ್ಸ್ ಸುಮಾರು h²/12ರಷ್ಟು ಜಾಸ್ತಿ ಬರುತ್ತದೆ. 19ನೇ ಶತಮಾನದ ಕೊನೆಯಲ್ಲಿ ಡಬ್ಲ್ಯು. ಎಫ್. ಶೆಪರ್ಡ್ ಇದನ್ನು ತೋರಿಸಿಕೊಟ್ಟರು, ಅದಕ್ಕೇ ಇದಕ್ಕೆ ಶೆಪರ್ಡ್ ತಿದ್ದುಪಡಿ ಅನ್ನುತ್ತಾರೆ.

```
corrected variance = 132.4375 − 10²/12
                   = 132.4375 − 8.3333 = 124.104
corrected SD       = 11.14
```

11.51 ಇದ್ದದ್ದು 11.14 ಆಯಿತು, ನಿಜವಾದ 10.97ಕ್ಕೆ ಹತ್ತಿರ ಬಂತು. ಸರಾಸರಿಗೆ ಇಂಥ ತಿದ್ದುಪಡಿ ಏನೂ ಇಲ್ಲ.

ಆದರೆ ಸಿಕ್ಕ ಸಿಕ್ಕ ಪಟ್ಟಿಗೆಲ್ಲ ಇದನ್ನು ಹಚ್ಚಬೇಡಿ. ಎಲ್ಲ ವರ್ಗಾಂತರದಲ್ಲೂ ಒಂದೇ ಆವೃತ್ತಿ ಇದೆ, ಒಳಗೂ ಜನ ಸಮನಾಗಿ ಹಂಚಿಕೊಂಡಿದ್ದಾರೆ ಅಂದುಕೊಳ್ಳಿ: 10ರಿಂದ 60ರವರೆಗೆ ಸಪಾಟಾದ ಹಂಚಿಕೆ. ಅದರ ನಿಜವಾದ ವೇರಿಯನ್ಸ್ 50²/12, ಅಂದರೆ 208.33. ಮಧ್ಯಬಿಂದುಗಳಿಂದ ಬರುವುದು ಸರಿಯಾಗಿ 200. ಇಲ್ಲಿ ಯಾರನ್ನೂ ಹೊರಕ್ಕೆ ತಳ್ಳಿಲ್ಲ, ಮಧ್ಯಬಿಂದುಗಳು ನಿಜವಾದ ಸರಾಸರಿಗಳೇ. ಒಳಗಿನ ಹರಡಿಕೆ ಕಳೆದುಹೋದದ್ದು ಮಾತ್ರ ಉಳಿದಿದೆ, ಅದೂ 8.33. ಇಲ್ಲಿ ಶೆಪರ್ಡ್ ಪ್ರಕಾರ ಇನ್ನೊಂದು 8.33 ಕಳೆದರೆ ತಪ್ಪು ಎರಡು ಪಟ್ಟಾಗುತ್ತದೆ. ಒಂದೇ ಅಗಲದ ವರ್ಗಾಂತರಗಳು, ಎರಡೂ ತುದಿಯಲ್ಲಿ ಆವೃತ್ತಿ ಸೊನ್ನೆಯ ಕಡೆಗೆ ಇಳಿಯುತ್ತಿರಬೇಕು, ಅಳತೆ ಸಮಯ, ತೂಕ, ಉದ್ದದಂತೆ ನಿರಂತರವಾದದ್ದಾಗಿರಬೇಕು. ಹೀಗಿದ್ದಾಗ ಮಾತ್ರ ತಿದ್ದುಪಡಿ. ಒಂದು ತುದಿಯಲ್ಲೇ ಆವೃತ್ತಿ ಅತಿ ಹೆಚ್ಚು ಇದ್ದು ಅಲ್ಲಿಂದ ಇಳಿಯುತ್ತಾ ಹೋಗುವ ಪಟ್ಟಿಗೆ ಇದು ಹೊಂದುವುದಿಲ್ಲ. ಪರೀಕ್ಷೆಯಲ್ಲಿ ಕೇಳದಿದ್ದರೆ ಅಲ್ಲೂ ಬೇಡ.

ಅಗಲ ಜಾಸ್ತಿಯಾದಷ್ಟೂ ಈ ವಿಷಯ ಮುಖ್ಯವಾಗುತ್ತದೆ. ಇದೇ 40 ಜನರನ್ನು 10–30, 30–50, 50–70 ಅಂತ ಮೂರೇ ಗುಂಪು ಮಾಡಿದರೆ ಆವೃತ್ತಿ 13, 22, 5, ಮಧ್ಯಬಿಂದು 20, 40, 60. ಸರಾಸರಿ 36 ಬರುತ್ತದೆ, ಮಾನಕ ವಿಚಲನೆ 12.81. ಸರಾಸರಿ ಒಂದು ನಿಮಿಷ ಸರಿದರೆ ಮಾನಕ ವಿಚಲನೆ ಸುಮಾರು ಎರಡು ನಿಮಿಷ ಉಬ್ಬಿತು. h²/12 ಅನ್ನುವುದರಲ್ಲಿ h ವರ್ಗವಾಗಿರುವುದರಿಂದ ಅಗಲ ಎರಡು ಪಟ್ಟಾದರೆ ತಿದ್ದಬೇಕಾದದ್ದು ನಾಲ್ಕು ಪಟ್ಟು, 33.33. ಅದನ್ನು ಕಳೆದರೆ 11.43ಕ್ಕೆ ಇಳಿಯುತ್ತದೆ. ವಾಡಿಕೆಯ ಒಂದು ಅಳತೆಗೋಲು ಬೇಕಿದ್ದರೆ: ವರ್ಗಾಂತರದ ಅಗಲ ಮಾನಕ ವಿಚಲನೆಯ ಅರ್ಧಕ್ಕಿಂತ ಕಡಿಮೆ ಇದ್ದರೆ ಈ ತಪ್ಪಿನ ಬಗ್ಗೆ ತಲೆ ಕೆಡಿಸಿಕೊಳ್ಳುವ ಅಗತ್ಯ ಇಲ್ಲ, ನೂರಕ್ಕೆ ಒಂದರಷ್ಟು ಇರುತ್ತದೆ. ಅಗಲ ಮಾನಕ ವಿಚಲನೆಯಷ್ಟೇ ಇದ್ದರೆ ನೂರಕ್ಕೆ ನಾಲ್ಕರ ಆಸುಪಾಸು.

## ಮಿತಿಗಳು ನಿಜವಾಗಿ ಎಲ್ಲಿವೆ?

ಮೇಲಿನ ಮೂಲ ಅಂಕಿಗಳು ಪೂರ್ಣ ನಿಮಿಷಗಳಲ್ಲಿವೆ. 20–30 ಅನ್ನುವ ಸಾಲಿಗೆ ಬರಬಹುದಾದ ಅಂಕಿಗಳು 20, 21, ಹೀಗೆ 29ರವರೆಗೆ ಮಾತ್ರ. ಆ ಹತ್ತು ಅಂಕಿಗಳ ನಡು 25 ಅಲ್ಲ, 24.5. ಹಾಗಾಗಿ ಇಂಥ ಅಂಕಿಗಳಿಗೆ ಸರಿಯಾದ ಮಧ್ಯಬಿಂದುಗಳು 14.5, 24.5, 34.5, 44.5, 54.5. ಇವನ್ನು ಹಾಕಿದರೆ ಸರಾಸರಿ 34.75 ಬರುತ್ತದೆ, 34.9ಕ್ಕೆ ಇನ್ನೂ ಹತ್ತಿರ. ಮಾನಕ ವಿಚಲನೆ 11.51 ಆಗಿಯೇ ಇರುತ್ತದೆ, ಯಾಕೆಂದರೆ ಎಲ್ಲ ಬಿಂದುಗಳೂ ಒಟ್ಟಿಗೆ ಅರ್ಧ ಹೆಜ್ಜೆ ಸರಿದವು, ಒಂದಕ್ಕೊಂದರ ನಡುವಿನ ದೂರ ಬದಲಾಗಲಿಲ್ಲ.

10–19, 20–29 ಅಂತ ನಡುವೆ ಸಂದಿ ಬಿಟ್ಟು ಬರೆದ ಪಟ್ಟಿಯಲ್ಲಿ ಇದೇ ಪ್ರಶ್ನೆ ಇನ್ನೊಂದು ರೂಪದಲ್ಲಿ ಬರುತ್ತದೆ. ಹತ್ತಿರದ ಪೂರ್ಣ ಸಂಖ್ಯೆಗೆ ದುಂಡು ಮಾಡಿದ ಅಳತೆ ಆಗಿದ್ದರೆ 10–19 ಅಂದರೆ 9.5ರಿಂದ 19.5, ಮಧ್ಯಬಿಂದು 14.5. ಅದೇ ವಯಸ್ಸಾಗಿದ್ದರೆ ಕಥೆ ಬೇರೆ. 19 ವರ್ಷ 11 ತಿಂಗಳು ಆದವರೂ ತಮ್ಮ ವಯಸ್ಸು 19 ಅಂತಲೇ ಹೇಳುತ್ತಾರೆ. ಅಲ್ಲಿ 10–19 ಅಂದರೆ 10ರಿಂದ 20ರ ಒಳಗೆ, ಮಧ್ಯಬಿಂದು 15. ಪಟ್ಟಿಯಲ್ಲಿ ಅಚ್ಚಾಗಿರುವುದು ಒಂದೇ, ಸರಾಸರಿ ಅರ್ಧ ವರ್ಷ ಬೇರೆ. ಅಂಕಿ ಹೇಗೆ ದಾಖಲಾಯಿತು ಅಂತ ಕೇಳದೆ ಇದನ್ನು ತೀರ್ಮಾನ ಮಾಡಲು ಆಗುವುದಿಲ್ಲ.

ಅಗಲ h ತೆಗೆಯುವಾಗಲೂ ಹುಷಾರು. 10–19ರಲ್ಲಿ 19 − 10 = 9 ಅಂತ ಹಾಕಿಬಿಡುತ್ತಾರೆ. ಒಂದು ಸಾಲಿನ ಆರಂಭದಿಂದ ಮುಂದಿನ ಸಾಲಿನ ಆರಂಭದವರೆಗೆ ಎಷ್ಟು ಅನ್ನುವುದೇ ಅಗಲ: 20 − 10 = 10.

## ಉತ್ತರ ತಪ್ಪಿದೆ ಅಂತ ಗೊತ್ತಾಗುವುದು ಹೇಗೆ

ಈ ಲೆಕ್ಕದಲ್ಲಿ ಅತಿ ಹೆಚ್ಚು ನಡೆಯುವ ತಪ್ಪು fx² ಕಾಲಂನಲ್ಲಿ. x ಅನ್ನು ವರ್ಗ ಮಾಡಿ ಆಮೇಲೆ f ನಿಂದ ಗುಣಿಸಬೇಕು. ಪಕ್ಕದಲ್ಲೇ fx ಕಾಲಂ ಇರುವುದರಿಂದ ಅದನ್ನೇ ವರ್ಗ ಮಾಡಿಬಿಡುತ್ತಾರೆ: 60² = 3600, 225² = 50625, ಹೀಗೆ. ಆಗ ಮಾನಕ ವಿಚಲನೆ 106 ಬರುತ್ತದೆ. ಇದನ್ನು ತಪ್ಪಿಸಲು ಸರಳ ಉಪಾಯ, fx² ಅನ್ನು x × fx ಅಂತ ಮಾಡಿ: 15 × 60 = 900. ಪಕ್ಕದ ಎರಡು ಕಾಲಂ ಗುಣಿಸಿದರೆ ಆಯಿತು.

106 ಸಾಧ್ಯವಿಲ್ಲ ಅಂತ ಹೇಗೆ ಹೇಳಬಹುದು? N ನಿಂದ ಭಾಗಿಸಿ ತೆಗೆದ ಮಾನಕ ವಿಚಲನೆ, ಅತಿ ದೊಡ್ಡ ಮತ್ತು ಅತಿ ಸಣ್ಣ ಬೆಲೆಗಳ ವ್ಯತ್ಯಾಸದ ಅರ್ಧವನ್ನು ಎಂದೂ ಮೀರುವುದಿಲ್ಲ. ಅರ್ಧ ಜನ ಒಂದು ತುದಿಯಲ್ಲಿ, ಉಳಿದರ್ಧ ಇನ್ನೊಂದು ತುದಿಯಲ್ಲಿ ನಿಂತಾಗ ಮಾತ್ರ ಅಷ್ಟು ಮುಟ್ಟುತ್ತದೆ. ನಮ್ಮ ಮಧ್ಯಬಿಂದುಗಳು 15ರಿಂದ 55, ವ್ಯತ್ಯಾಸ 40, ಅರ್ಧ 20. ಅಂದರೆ 20 ದಾಟಿದ ಯಾವ ಉತ್ತರವೂ ಲೆಕ್ಕದ ತಪ್ಪೇ. ಸರಾಸರಿಯ ವರ್ಗ ಕಳೆಯುವುದನ್ನು ಮರೆತರೆ √1375 = 37.08 ಬರುತ್ತದೆ, ಅದೂ ಇಲ್ಲೇ ಸಿಕ್ಕಿಬೀಳುತ್ತದೆ. ವರ್ಗಮೂಲ ತೆಗೆಯಲು ಮರೆತು 132 ಅಂತ ಬರೆದವರೂ ಅಷ್ಟೆ. ವೇರಿಯನ್ಸ್ ಋಣ ಸಂಖ್ಯೆ ಬಂದರೆ ಇನ್ನೇನೂ ನೋಡಬೇಕಾಗಿಲ್ಲ, ಎಲ್ಲೋ ಕೂಡಿಕೆ ತಪ್ಪಿದೆ.

ನೇರ ದಾರಿ ಹಿಡಿದವರಿಗೆ ಇನ್ನೂ ಒಳ್ಳೆಯ ಪರೀಕ್ಷೆ ಇದೆ. ದೂರಗಳನ್ನು ವರ್ಗ ಮಾಡುವ ಮೊದಲು ಆವೃತ್ತಿಯಿಂದ ಗುಣಿಸಿ ಕೂಡಿಸಿ ನೋಡಿ: −81, −92.25, −3.5, 78, 98.75. ಮೊತ್ತ ಸೊನ್ನೆ ಬರಲೇಬೇಕು. ಬಾರದಿದ್ದರೆ ಸರಾಸರಿ ತಪ್ಪಿದೆ, ಮುಂದೆ ಹೋಗಬೇಡಿ.

ಸ್ಪ್ರೆಡ್‌ಶೀಟ್‌ನಲ್ಲಿ ಮಾಡುವುದಾದರೆ ಮಧ್ಯಬಿಂದುಗಳು B2:B6, ಆವೃತ್ತಿಗಳು C2:C6 ಅಂತ ಇಟ್ಟುಕೊಂಡು, ಮೊದಲ ಸೂತ್ರವನ್ನು E1ರಲ್ಲಿ, ಎರಡನೆಯದನ್ನು E2ರಲ್ಲಿ ಹಾಕಿ:

```
=SUMPRODUCT(B2:B6,C2:C6)/SUM(C2:C6)
=SQRT(SUMPRODUCT(C2:C6,(B2:B6-E1)^2)/SUM(C2:C6))
```

ಮಧ್ಯಬಿಂದುಗಳ ಮೇಲೆ ಸುಮ್ನೆ STDEV.P ಹಾಕಿದರೆ 14.14 ಬರುತ್ತದೆ. ನೋಡಲು ನಂಬುವಂತೆ ಇರುವುದರಿಂದ ಇದು 106ಕ್ಕಿಂತ ಅಪಾಯಕಾರಿ. ಅದು ಐದು ಸಂಖ್ಯೆಗಳ ಮಾನಕ ವಿಚಲನೆ, ಆವೃತ್ತಿಗಳನ್ನು ನೋಡಿಯೇ ಇಲ್ಲ.

## ಕೊನೆಯ ಸಾಲು "50 ಮತ್ತು ಮೇಲ್ಪಟ್ಟು" ಅಂತ ಇದ್ದರೆ

ಇಂಥ ತೆರೆದ ವರ್ಗಾಂತರಕ್ಕೆ ಮೇಲಿನ ಮಿತಿಯೇ ಇಲ್ಲ, ಹಾಗಾಗಿ ಮಧ್ಯಬಿಂದುವೂ ಇಲ್ಲ. ವಾಡಿಕೆಯಲ್ಲಿ ಪಕ್ಕದ ವರ್ಗಾಂತರದ ಅಗಲವನ್ನೇ ಕೊಟ್ಟು 50–60 ಅಂತ ಹಿಡಿಯುತ್ತಾರೆ. ಪರೀಕ್ಷೆಗೆ ಅಷ್ಟು ಸಾಕು. ನಿಜವಾದ ಕೆಲಸಕ್ಕೆ ಸಾಲದು, ಯಾಕೆಂದರೆ ಮಾನಕ ವಿಚಲನೆಯ ದೊಡ್ಡ ಪಾಲು ತುದಿಯಿಂದಲೇ ಬರುತ್ತದೆ ಅಂತ ಆಗಲೇ ನೋಡಿದೆವು, ಈಗ ಆ ತುದಿಯೇ ಊಹೆಯಾಗಿಬಿಟ್ಟಿದೆ.

ಎಷ್ಟು ವ್ಯತ್ಯಾಸ ಆಗುತ್ತದೆ ನೋಡಿ. ಕೊನೆಯ 5 ಜನರಿಗೆ 55 ಹಿಡಿದರೆ ಸರಾಸರಿ 35.25, ಮಾನಕ ವಿಚಲನೆ 11.51. 60 ಹಿಡಿದರೆ 35.88 ಮತ್ತು 12.64. 65 ಹಿಡಿದರೆ 36.5 ಮತ್ತು 13.88. ಸರಾಸರಿ ಸ್ವಲ್ಪವೇ ಕದಲಿತು, ಮಾನಕ ವಿಚಲನೆ ನೂರಕ್ಕೆ ಇಪ್ಪತ್ತರಷ್ಟು ಏರಿತು. ಇದನ್ನು ಮಾಡಿದ್ದು 40ರಲ್ಲಿ ಐದೇ ಜನ.

ಇಂಥ ಕಡೆ ಒಂದೇ ಉತ್ತರ ಬರೆದು ಕೈತೊಳೆದುಕೊಳ್ಳುವುದಕ್ಕಿಂತ ಎರಡು ಮೂರು ಊಹೆ ಇಟ್ಟು ಲೆಕ್ಕ ಹಾಕಿ, "ಕೊನೆಯ ವರ್ಗಾಂತರವನ್ನು 50–60 ಅಂತ ಹಿಡಿದರೆ 11.5, 50–80 ಅಂತ ಹಿಡಿದರೆ 13.9" ಅಂತ ಊಹೆಯ ಸಮೇತ ಬರೆಯುವುದು ಮೇಲು. ತೆರೆದ ಸಾಲಿನಲ್ಲಿ ಜನ ಇನ್ನೂ ಜಾಸ್ತಿ ಇದ್ದರೆ ಸರಾಸರಿ ಮತ್ತು ಮಾನಕ ವಿಚಲನೆಯನ್ನೇ ಬಿಟ್ಟು ಮಧ್ಯಾಂಕಕ್ಕೆ ಹೋಗಿ. ಮಧ್ಯಾಂಕ 30–40ರ ಒಳಗೆ ಬೀಳುತ್ತದೆ, ಕೊನೆಯ ಐದು ಜನ 51 ನಿಮಿಷ ತೆಗೆದುಕೊಂಡರೂ 510 ನಿಮಿಷ ತೆಗೆದುಕೊಂಡರೂ ಅದು ಕದಲುವುದಿಲ್ಲ.

ದಶಮಾಂಶಗಳ ವಿಷಯ ಕೂಡ ಹೀಗೆಯೇ. ಲೆಕ್ಕದ ಒಳಗೆ ಎಲ್ಲ ಅಂಕಿ ಉಳಿಸಿಕೊಳ್ಳಿ, ಆದರೆ ವರದಿಯಲ್ಲಿ 11.5081 ಅಂತ ಬರೆಯಬೇಡಿ. ಮಧ್ಯಬಿಂದುವಿನ ಊಹೆಯೇ ಅರ್ಧ ನಿಮಿಷದಷ್ಟು ತಪ್ಪಿಸುತ್ತಿರುವಾಗ ನಾಲ್ಕನೇ ದಶಮಾಂಶಕ್ಕೆ ಅರ್ಥ ಇಲ್ಲ. "ಸರಾಸರಿ ಸುಮಾರು 35 ನಿಮಿಷ, ಮಾನಕ ವಿಚಲನೆ ಸುಮಾರು 11.5 ನಿಮಿಷ, ವರ್ಗಾಂತರದ ಮಧ್ಯಬಿಂದುಗಳಿಂದ ಅಂದಾಜಿಸಿದ್ದು" ಅಂತ ಬರೆದರೆ ಓದುವವರಿಗೆ ಬೇಕಾದದ್ದು ಸಿಗುತ್ತದೆ.